ಬಣ್ಣದ ಕಾರ್ಡಿನ ಹತ್ತು, ಲ್ಯಾಬಿನ ಹತ್ತು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೃತ್ತಿಯಿಂದ ಲ್ಯಾಬಿನವನು. ರಕ್ತ ಪರೀಕ್ಷೆ ಮಾಡುವುದು, ಮಾಡುವುದನ್ನು ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಟ್ರಸ್ಟಿನ ಆರೋಗ್ಯ ಶಿಬಿರಗಳ ಬಗ್ಗೆ ಏನಾದರೂ ಉಪಯೋಗದ ಮಾತು ಹೇಳಿ ಎಂದು ಕಾರ್ಯದರ್ಶಿಯವರು ಕೇಳಿದಾಗ, ಒಂದೇ ಪ್ರಶ್ನೆ ತೆಗೆದುಕೊಳ್ಳುತ್ತೇನೆ ಎಂದೆ. ಶಿಬಿರ ಮುಗಿದ ವಾರದಲ್ಲಿ ಯಾರಾದರೊಬ್ಬ ತಾಯಿ ಎರಡು ಚೀಟಿ ಹಿಡಿದು ಬಂದು ಕೇಳುವ ಪ್ರಶ್ನೆ ಅದು: "ಸರ್, ಶಿಬಿರದಲ್ಲಿ ಹಿಮೋಗ್ಲೋಬಿನ್ 12 ಅಂದ್ರು, ಲ್ಯಾಬಲ್ಲಿ 10.3 ಅಂತಾರೆ. ಮಗಳ ರಕ್ತ ಒಂದೇ ಅಲ್ವಾ, ಯಾವುದನ್ನ ನಂಬಲಿ?"

ಪ್ರಶ್ನೆ ಸರಿಯಾಗಿಯೇ ಇದೆ. 12 ಎಂದರೆ ಹುಡುಗಿ ಆರೋಗ್ಯವಾಗಿದ್ದಾಳೆ, ಮನೆಗೆ ಹೋಗಬಹುದು ಎಂದರ್ಥ. 10.3 ಎಂದರೆ ಮಧ್ಯಮ ಮಟ್ಟದ ರಕ್ತಹೀನತೆ, ಚಿಕಿತ್ಸೆ ಶುರುವಾಗಬೇಕು. ಒಂದು ಚೀಟಿಯನ್ನು ನಂಬಿದರೆ ಮಾತ್ರೆ ಇಲ್ಲ, ಇನ್ನೊಂದನ್ನು ನಂಬಿದರೆ ಮೂರು ತಿಂಗಳು ಮಾತ್ರೆ. ಹಾಗಾಗಿ ಈ ಎರಡು ಅಂಕಿಗಳು ಹೇಗೆ ಹುಟ್ಟುತ್ತವೆ ಎಂದು ಇವತ್ತು ನಿಮ್ಮ ಮುಂದೆ ಬಿಡಿಸಿ ಇಡುತ್ತೇನೆ.

ಮೊದಲು ಲ್ಯಾಬಿನ ಅಂಕಿ. ಲ್ಯಾಬುಗಳಲ್ಲಿ ಹಿಮೋಗ್ಲೋಬಿನ್ ಅಳೆಯಲು ಇರುವ ಮೂಲ ವಿಧಾನದ ಹೆಸರು ಸಯನ್‌ಮೆಟ್‌ಹಿಮೋಗ್ಲೋಬಿನ್ ವಿಧಾನ. ಹೆಸರು ಉದ್ದವಾದರೂ ಒಳಗಿನ ವಿಚಾರ ಸುಲಭ. ರಕ್ತದ ಕೆಂಪಿಗೆ ಕಾರಣ ಹಿಮೋಗ್ಲೋಬಿನ್. ಆದರೆ ಆ ಕೆಂಪು ಎಲ್ಲ ಹೊತ್ತಲ್ಲೂ ಒಂದೇ ಕೆಂಪಲ್ಲ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ತಿಳಿ ಕೆಂಪು, ಬಿಟ್ಟುಕೊಟ್ಟದ್ದು ಕಪ್ಪು ಕೆಂಪು. ಬೀಡಿ ಸೇದುವವರಲ್ಲಿ, ಸೌದೆ ಒಲೆಯ ಹೊಗೆಯಲ್ಲಿ ಕೂರುವವರಲ್ಲಿ ಒಂದು ಪಾಲು ಹಿಮೋಗ್ಲೋಬಿನ್ ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡಿರುತ್ತದೆ, ಅದರ ಕೆಂಪು ಮತ್ತೊಂದು ಬಗೆ. ಇಬ್ಬರ ರಕ್ತದಲ್ಲಿ ಹಿಮೋಗ್ಲೋಬಿನ್ ಅಷ್ಟೇ ಇದ್ದರೂ ಬಣ್ಣ ಸ್ವಲ್ಪ ಬೇರೆಯಾಗಿ ಕಾಣಬಹುದು. ಬಣ್ಣ ನೋಡಿ ಪ್ರಮಾಣ ಹೇಳಬೇಕಾದರೆ ಮೊದಲು ಎಲ್ಲವನ್ನೂ ಒಂದೇ ಬಣ್ಣಕ್ಕೆ ತರಬೇಕು.

ಆ ಕೆಲಸ ಮಾಡುವುದು ಡ್ರಾಬ್ಕಿನ್ಸ್ ದ್ರಾವಣ. ತಿಳಿ ಹಳದಿ ಬಣ್ಣದ ನೀರಿನಂಥ ದ್ರಾವಣ. ಒಂದು ಲೀಟರಿನಲ್ಲಿ 200 ಮಿಲಿಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್, 50 ಮಿಲಿಗ್ರಾಂ ಪೊಟ್ಯಾಸಿಯಂ ಸಯನೈಡ್, ಇವುಗಳ ಜೊತೆ ಸ್ವಲ್ಪ ಫಾಸ್ಫೇಟ್ ಮತ್ತು ರಕ್ತಕಣಗಳನ್ನು ಒಡೆಯಲು ಸೋಪಿನ ಜಾತಿಯ ಒಂದು ವಸ್ತು ಇರುತ್ತದೆ. ಫೆರಿಸಯನೈಡ್ ಹಿಮೋಗ್ಲೋಬಿನ್ನಿನ ಕಬ್ಬಿಣದ ಸ್ಥಿತಿಯನ್ನು ಬದಲಿಸುತ್ತದೆ, ಆಮೇಲೆ ಸಯನೈಡ್ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಆಮ್ಲಜನಕ ಹೊತ್ತದ್ದಿರಲಿ, ಹೊರದ್ದಿರಲಿ, ಹೊಗೆ ಹಿಡಿದದ್ದಿರಲಿ, ಕೊನೆಗೆ ಬಹುಮಟ್ಟಿಗೆ ಎಲ್ಲವೂ ಒಂದೇ ವಸ್ತುವಾಗುತ್ತವೆ, ಒಂದೇ ಬಣ್ಣಕ್ಕೆ ಬರುತ್ತವೆ. ಆ ಬಣ್ಣ ಬೇಗ ಕೆಡುವುದೂ ಇಲ್ಲ. ಹೀಗಾಗಿಯೇ ಇದರ ಸ್ಟಾಂಡರ್ಡ್ ಅನ್ನು ಸೀಸೆಯಲ್ಲಿ ತುಂಬಿ ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸಲು ಆಗುತ್ತದೆ, ಬೇರೆ ಬೇರೆ ಲ್ಯಾಬುಗಳ ಅಂಕಿಯನ್ನು ಒಂದೇ ಅಳತೆಗೆ ತರಲು ಆಗುತ್ತದೆ. 1960ರ ದಶಕದಲ್ಲಿ ರಕ್ತಶಾಸ್ತ್ರದ ಅಂತರರಾಷ್ಟ್ರೀಯ ಸಮಿತಿ ಇದನ್ನೇ ಮೂಲ ಅಳತೆಯಾಗಿ ಒಪ್ಪಿಕೊಂಡಿತು.

ಸಯನೈಡ್ ಎಂಬ ಮಾತು ಕೇಳಿ ಕೆಲವರ ಮುಖ ಬದಲಾದದ್ದು ಇಲ್ಲಿಂದಲೇ ಕಾಣುತ್ತಿದೆ. ಒಂದು ಪರೀಕ್ಷೆಗೆ ಹಿಡಿಯುವ 5 ಮಿಲಿಲೀಟರಿನಲ್ಲಿ ಇರುವುದು ಕಾಲು ಮಿಲಿಗ್ರಾಂ. ಬಾಯಿಂದ ಎಳೆಯದಿದ್ದರೆ, ಮಕ್ಕಳ ಕೈಗೆ ಸಿಗದಂತೆ ಇಟ್ಟರೆ ಹೆದರಿಕೆ ಇಲ್ಲ. ಆದರೆ ಒಂದು ಎಚ್ಚರಿಕೆಯನ್ನು ನಮ್ಮಲ್ಲಿ ಡಿಎಂಎಲ್‌ಟಿ ಓದುತ್ತಿರುವ ಮಕ್ಕಳು ಗಟ್ಟಿಯಾಗಿ ನೆನಪಿಡಬೇಕು. ಈ ದ್ರಾವಣಕ್ಕೆ ಆಸಿಡ್ ತಾಗಬಾರದು. ತಾಗಿದರೆ ವಿಷದ ಗಾಳಿ ಹೊರಡುತ್ತದೆ. ಎಷ್ಟೋ ಕಡೆ ಇಂದಿಗೂ ಸಾಹ್ಲಿ ವಿಧಾನ ಬಳಸುತ್ತಾರೆ. ಅದರಲ್ಲಿ ಇರುವುದೇ ಹೈಡ್ರೋಕ್ಲೋರಿಕ್ ಆಸಿಡ್. ಒಂದೇ ಮೇಜಿನಲ್ಲಿ ಎರಡೂ ಪರೀಕ್ಷೆ ಮಾಡಿ ಉಳಿದದ್ದನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿಯುವುದು ಎಂದಿಗೂ ಆಗಬಾರದು.

ಈಗ ಪರೀಕ್ಷೆಗೆ ಬರೋಣ. ಆ ತಾಯಿಯ ಮಗಳನ್ನೇ ಉದಾಹರಣೆಗೆ ಇಟ್ಟುಕೊಳ್ಳಿ. ವಯಸ್ಸು 17, ಪಿಯುಸಿ ಓದುತ್ತಿದ್ದಾಳೆ. ತೋಳಿನ ನರದಿಂದ ತೆಗೆದ ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿದೆ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಬೇಕು. ರಕ್ತ ನಿಂತಲ್ಲೇ ನಿಂತರೆ ಕಣಗಳು ಕೆಳಗೆ ಇಳಿದಿರುತ್ತವೆ, ಮೇಲಿಂದ ತೆಗೆದರೆ ಕಡಿಮೆ, ತಳದಿಂದ ತೆಗೆದರೆ ಹೆಚ್ಚು ಬರುತ್ತದೆ. ಒಂದು ಟೆಸ್ಟ್ ಟ್ಯೂಬಿಗೆ 5 ಮಿಲಿಲೀಟರ್ ಡ್ರಾಬ್ಕಿನ್ಸ್ ದ್ರಾವಣ ಹಾಕಿ, ಪಿಪೆಟ್ಟಿನಲ್ಲಿ ಸರಿಯಾಗಿ 20 ಮೈಕ್ರೋಲೀಟರ್ ರಕ್ತ ಎಳೆದು, ಪಿಪೆಟ್ಟಿನ ಹೊರಮೈ ಒರೆಸಿ, ದ್ರಾವಣದೊಳಗೆ ಬಿಡಬೇಕು. 20 ಮೈಕ್ರೋಲೀಟರ್ ಎಂದರೆ ಒಂದು ಸಣ್ಣ ಹನಿಗಿಂತಲೂ ಕಡಿಮೆ. ಈಗ ರಕ್ತ 251 ಪಾಲಿಗೆ ತೆಳುವಾಯಿತು. ಕಲಸಿ ಐದು ನಿಮಿಷ ಬಿಡಬೇಕು. ಹಳೆಯ ಬಗೆಯ ದ್ರಾವಣವಾದರೆ ಇನ್ನೂ ಹೆಚ್ಚು ಹೊತ್ತು ಬೇಕು, ಬೀಡಿ ಸೇದುವವರ ರಕ್ತಕ್ಕಂತೂ ಆತುರ ಮಾಡಲೇಬಾರದು.

ಆಮೇಲೆ ಕಲರಿಮೀಟರ್. 540 ನ್ಯಾನೋಮೀಟರಿನ ಹಸಿರು ಬೆಳಕು ಈ ದ್ರಾವಣದ ಮೂಲಕ ಹಾದುಹೋಗುವಾಗ ಎಷ್ಟು ತಡೆಯಾಯಿತು ಎಂದು ಯಂತ್ರ ಹೇಳುತ್ತದೆ. ಮೊದಲು ರಕ್ತ ಹಾಕದ ದ್ರಾವಣ ಇಟ್ಟು ಸೊನ್ನೆಗೆ ತರಬೇಕು. ಆಮೇಲೆ ಸ್ಟಾಂಡರ್ಡ್, ಅಂದರೆ 100 ಮಿಲಿಲೀಟರಿಗೆ 60 ಮಿಲಿಗ್ರಾಂ ಇದೆ ಎಂದು ಖಚಿತವಾಗಿ ಗೊತ್ತಿರುವ ಸೀಸೆ. ಅದರ ರೀಡಿಂಗ್ 0.41 ಬಂತು. ಹುಡುಗಿಯ ಟ್ಯೂಬಿನ ರೀಡಿಂಗ್ 0.28 ಬಂತು. ಲೆಕ್ಕ ಹೀಗೆ:

0.28 ÷ 0.41 × 60 × 251 ÷ 1000 = 10.28

ಅಂದರೆ 100 ಮಿಲಿಲೀಟರ್ ರಕ್ತಕ್ಕೆ 10.3 ಗ್ರಾಂ ಹಿಮೋಗ್ಲೋಬಿನ್. ಇಲ್ಲಿ ಯಾರೂ "ನನಗೆ ಹೀಗೆ ಕಾಣಿಸಿತು" ಎಂದು ಹೇಳಿಲ್ಲ, ಗಮನಿಸಿ. ಗೊತ್ತಿರುವ ಒಂದು ಸೀಸೆಯ ಪಕ್ಕದಲ್ಲಿ ಗೊತ್ತಿಲ್ಲದ ಒಂದು ಟ್ಯೂಬನ್ನು ಇಟ್ಟು ತೂಗಿದ ಹಾಗೆ.

ಲ್ಯಾಬಿನ ಅಂಕಿ ತಪ್ಪುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಈ ವಿಧಾನದ ಜೀವ ಇರುವುದು ಆ 20 ಮೈಕ್ರೋಲೀಟರಿನಲ್ಲಿ. ಪಿಪೆಟ್ಟಿನ ಹೊರಗೆ ಒರೆಸದೆ ಒಂದೇ ಒಂದು ಮೈಕ್ರೋಲೀಟರ್ ರಕ್ತ ಉಳಿದು ಒಳಗೆ ಹೋದರೆ ನೂರಕ್ಕೆ ಐದು ಹೆಚ್ಚಾಯಿತು. 10.3 ಇದ್ದದ್ದು 10.8 ಆಗುತ್ತದೆ, 11.6 ಇದ್ದದ್ದು 12.2 ಆಗಿ ರಕ್ತಹೀನತೆ ಕಾಗದದ ಮೇಲೆ ಮಾಯವಾಗುತ್ತದೆ. ದ್ರಾವಣವೂ ಕೆಡಬಹುದು. ಅದನ್ನು ಕಂದು ಸೀಸೆಯಲ್ಲಿ, ಬೆಳಕು ಬೀಳದ ಕಡೆ ಇಡಬೇಕು. ಫ್ರೀಜರಿನಲ್ಲಿ ಹೆಪ್ಪುಗಟ್ಟಲು ಬಿಡಬಾರದು. ತಿಳಿ ಹಳದಿ ಹೋಗಿ ಬಣ್ಣವಿಲ್ಲದಂತಾದರೆ ಅಥವಾ ಮಸುಕಾದರೆ ಚೆಲ್ಲಬೇಕು. ರಕ್ತದಲ್ಲಿ ಕೊಬ್ಬು ತುಂಬಾ ಇದ್ದರೆ, ಬಿಳಿ ರಕ್ತಕಣ ವಿಪರೀತ ಇದ್ದರೆ ದ್ರಾವಣ ಮಂಜಾಗಿ, ಯಂತ್ರ ಆ ಮಂಜನ್ನೂ ಹಿಮೋಗ್ಲೋಬಿನ್ ಎಂದೇ ಎಣಿಸಿ ಹೆಚ್ಚು ತೋರಿಸುತ್ತದೆ. ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇರುವವರಿಗೆ ಇದು ಕಣ್ಣಿಗೇ ಬೀಳುತ್ತದೆ. ಒಟ್ಟಿನಲ್ಲಿ ಇಲ್ಲಿನ ತಪ್ಪುಗಳನ್ನು ಹಿಡಿಯಲು ದಾರಿ ಇದೆ. ಸ್ಟಾಂಡರ್ಡ್ ಇಟ್ಟು ಮತ್ತೆ ಓದಬಹುದು, ಅದೇ ರಕ್ತವನ್ನು ಎರಡನೇ ಸಲ ಮಾಡಬಹುದು.

ಈಗ ಶಿಬಿರದ ಅಂಕಿ. ಕಾಗದದ ಮೇಲೆ ರಕ್ತದ ಹನಿ ಬಿಟ್ಟು ಬಣ್ಣ ಹೋಲಿಸುವ ಉಪಾಯ ಹಳೆಯದು. ಫಿನ್‌ಲ್ಯಾಂಡಿನ ಟಾಲ್‌ಕ್ವಿಸ್ಟ್ ಎಂಬ ವೈದ್ಯರು 1900ರಲ್ಲಿ ಇಂಥ ಒಂದು ಪಟ್ಟಿಯನ್ನು ಹೊರತಂದರು. ಅಗ್ಗವಾಗಿತ್ತು, ಜೇಬಿನಲ್ಲಿ ಹಿಡಿಯುತ್ತಿತ್ತು, ಆದರೆ ನಂಬುವಂತಿರಲಿಲ್ಲ. 1995ರಲ್ಲಿ ಸ್ಟಾಟ್ ಮತ್ತು ಲೂಯಿಸ್ ಎಂಬ ಇಬ್ಬರು ಅದೇ ಉಪಾಯವನ್ನು ಹೊಸದಾಗಿ ಕಟ್ಟಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದು ಹಿಮೋಗ್ಲೋಬಿನ್ ಕಲರ್ ಸ್ಕೇಲ್ ಎಂದು ಕರೆಯುವ ಕಾರ್ಡ್ ಅದೇ. ಕಾರ್ಡಿನ ಮೇಲೆ ಕೆಂಪಿನ ಆರು ಛಾಯೆಗಳು: 4, 6, 8, 10, 12, 14. ಜೊತೆಗೆ ರಕ್ತವನ್ನು ಸಮನಾಗಿ ಹೀರುವ ವಿಶೇಷ ಕಾಗದದ ತುಂಡುಗಳು. ಕಾಗದದ ಮೇಲೆ ಒಂದು ಹನಿ ಬಿಟ್ಟು, ಸುಮಾರು ಅರ್ಧ ನಿಮಿಷ ಕಾದು, ಕಾರ್ಡಿನ ಕೆಳಗೆ ಇಟ್ಟು ತೂತಿನ ಮೂಲಕ ನೋಡಿ, ಯಾವ ಛಾಯೆಗೆ ಹೊಂದುತ್ತದೆ ಎಂದು ಹೇಳಬೇಕು. ಎರಡು ನಿಮಿಷದೊಳಗೆ ಓದಿ ಮುಗಿಸಬೇಕು. ಕರೆಂಟ್ ಬೇಡ, ಯಂತ್ರ ಬೇಡ, ಪಿಪೆಟ್ ಬೇಡ. ಲ್ಯಾಬೇ ಇಲ್ಲದ ಊರಿಗೆಂದು ಮಾಡಿದ ಸಾಧನ ಇದು. ಆ ಜಾಗದಲ್ಲಿ ಇದು ಒಳ್ಳೆಯ ಸಾಧನವೇ.

ಆದರೆ ಯೋಚಿಸಿ. ಲ್ಯಾಬಿನ ವಿಧಾನ ಯಾವ ತೊಂದರೆಯನ್ನು ಮೊದಲು ನಿವಾರಿಸಿತೋ ಅದು ಇಲ್ಲಿ ಹಾಗೆಯೇ ಉಳಿದಿದೆ. ಹಿಮೋಗ್ಲೋಬಿನ್ನನ್ನು ಒಂದೇ ಬಣ್ಣಕ್ಕೆ ತರುವ ದ್ರಾವಣ ಇಲ್ಲ. ಬೆರಳಿಂದ ಬಂದ ರಕ್ತ ಬಂದ ಬಣ್ಣದಲ್ಲೇ ಕಾಗದದ ಮೇಲೆ ಕೂರುತ್ತದೆ, ಒಣಗುತ್ತಾ ಹೋದಂತೆ ಕಪ್ಪಾಗುತ್ತದೆ. ಸಾಲು ಉದ್ದವಿದೆ ಎಂದು ಐದಾರು ಜನರ ಕಾಗದಗಳನ್ನು ಒಟ್ಟಿಗೆ ಜೋಡಿಸಿಟ್ಟು ಆಮೇಲೆ ಓದಿದರೆ, ಮೊದಲನೆಯವರ ಹಿಮೋಗ್ಲೋಬಿನ್ ಕಾಯುತ್ತಾ ಕೂತಿದ್ದಾಗಲೇ "ಏರಿರುತ್ತದೆ".

ಹನಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಹನಿ ಚಿಕ್ಕದಾಗಿ ಕಾಗದ ಪೂರ್ತಿ ನೆನೆಯದಿದ್ದರೆ ಬಣ್ಣ ತೆಳ್ಳಗೆ ಕಾಣುತ್ತದೆ. ಬೆರಳನ್ನು ಹಿಂಡಿದರೆ ರಕ್ತದ ಜೊತೆ ಮಾಂಸದ ನೀರು ಸೇರಿ ಅಂಕಿ ಇಳಿಯುತ್ತದೆ. ಕೈ ಬೆಚ್ಚಗೆ ಮಾಡಿ, ಆಳವಾಗಿ ಒಂದೇ ಸಲ ಚುಚ್ಚಿ, ಮೊದಲ ಹನಿ ಒರೆಸಿ, ತಾನಾಗಿ ಬಂದ ಹನಿಯನ್ನೇ ತೆಗೆದುಕೊಳ್ಳಬೇಕು. ಅಯ್ಯೋ ನೋವಾಗುತ್ತದೆ ಎಂದು ಮೇಲೆ ಮೇಲೆ ಚುಚ್ಚಿ ಆಮೇಲೆ ಹಿಂಡುವ ಸ್ವಯಂಸೇವಕರು ಪಾಪ ಒಳ್ಳೆಯ ಮನಸ್ಸಿನಿಂದಲೇ ಅಂಕಿಯನ್ನು ಕೆಡಿಸುತ್ತಾರೆ. ಬೆರಳಿನ ಹನಿಯ ಈ ತೊಂದರೆ ಕಾರ್ಡಿಗೆ ಮಾತ್ರ ಸೇರಿದ್ದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015–16ರಲ್ಲಿ ಬೆರಳಿನ ಹನಿಯನ್ನು ಡಿಜಿಟಲ್ ಯಂತ್ರದಲ್ಲಿ ನೋಡಿ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 58ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಎಂದಿತು. ಅದರ ಹಿಂದೆಯೇ 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ನರದ ರಕ್ತವನ್ನು ಲ್ಯಾಬಿಗೆ ಒಯ್ದು, ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 41 ಎಂದಿತು. ವಯಸ್ಸಿನ ಗುಂಪು ಸ್ವಲ್ಪ ಬೇರೆ, ಜೊತೆಗೆ ಬೇರೆ ಕಾರಣಗಳೂ ಇರಬಹುದು. ಆದರೂ ರಕ್ತವನ್ನು ಎಲ್ಲಿಂದ ಹೇಗೆ ತೆಗೆದರು ಎಂಬುದು ಸಣ್ಣ ವಿಷಯವಲ್ಲ ಎಂದು ದೇಶದ ಮಟ್ಟದಲ್ಲೇ ಚರ್ಚೆಯಾಯಿತು.

ಕಾರ್ಡಿಗೆ ಮಾತ್ರ ಸೇರಿದ ತೊಂದರೆ ಬೆಳಕಿನದು. ಬಣ್ಣ ಹೋಲಿಸುವ ಕೆಲಸಕ್ಕೆ ಹಗಲಿನ ಬೆಳಕು ಬೇಕು, ನೇರ ಬಿಸಿಲು ಬೀಳಬಾರದು, ಓದುವವರ ನೆರಳೂ ಬೀಳಬಾರದು. ನಮ್ಮ ಶಿಬಿರಗಳು ಎಲ್ಲಿ ನಡೆಯುತ್ತವೆ? ಶಾಮಿಯಾನದ ಕೆಳಗೆ. ಕೆಂಪು ಹಳದಿ ಪಟ್ಟೆಯ ಬಟ್ಟೆಯಿಂದ ಸೋಸಿ ಬಂದ ಬೆಳಕಿನಲ್ಲಿ ಬಿಳಿ ಕಾಗದವೇ ಬಿಳಿಯಾಗಿ ಕಾಣುವುದಿಲ್ಲ, ಇನ್ನು 10ರ ಕೆಂಪಿಗೂ 12ರ ಕೆಂಪಿಗೂ ವ್ಯತ್ಯಾಸ ಕಾಣುವುದೆಲ್ಲಿ? ಬೆಳಗಿನ ಹತ್ತು ಗಂಟೆಗೂ ಸಂಜೆ ಐದಕ್ಕೂ ಓದು ಬದಲಾಗುತ್ತದೆ. ಮೇಜನ್ನು ಶಾಮಿಯಾನದಿಂದ ಹೊರಗೆ, ಕಟ್ಟಡದ ನೆರಳಿಗೆ ಎಳೆದುಕೊಳ್ಳಿ. ಖರ್ಚಿಲ್ಲದ ಕೆಲಸ ಅದು.

ಇನ್ನೊಂದು ಮಾತನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಕಾರ್ಡನ್ನು ಕಲರ್ ಜೆರಾಕ್ಸ್ ಮಾಡಿಸಿ ಹತ್ತು ಜನರಿಗೆ ಹಂಚುವುದು, ಮೊಬೈಲಿನಲ್ಲಿ ಫೋಟೋ ತೆಗೆದು ಅದರ ಜೊತೆ ಹೋಲಿಸುವುದು, ವಿಶೇಷ ಕಾಗದ ಮುಗಿಯಿತೆಂದು ಮಾಮೂಲಿ ಫಿಲ್ಟರ್ ಪೇಪರ್ ಹಾಕುವುದು, ಇವು ಮೂರೂ ಪರೀಕ್ಷೆಯೇ ಅಲ್ಲ. ಆ ಆರು ಛಾಯೆಗಳನ್ನು ಹೊಂದಿಸಿರುವುದು ಆ ಕಾಗದದ ಮೇಲಿನ ರಕ್ತಕ್ಕೆ, ಆ ಶಾಯಿಗೆ. ಅದರಲ್ಲಿ ಒಂದು ಬದಲಾದರೂ ಅಂಕಿಗೆ ಅರ್ಥವಿಲ್ಲ. ಬಿಸಿಲಿನಲ್ಲಿ ಬಿಟ್ಟು ಮಾಸಿದ ಕಾರ್ಡಿನ ಕಥೆಯೂ ಅಷ್ಟೇ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಒಂದು ಮಿತಿ ಉಳಿಯುತ್ತದೆ, ಮುಖ್ಯವಾದದ್ದು ಅದೇ. ಕಾರ್ಡಿನ ಹೆಜ್ಜೆ ಎರಡೆರಡು ಗ್ರಾಮಿನದು. ನಡುವೆ ಕಾಣಿಸಿದರೆ ನಡುವಿನ ಅಂಕಿ ಬರೆಯಬಹುದು, ಆದರೆ ಕಣ್ಣು ಅದಕ್ಕಿಂತ ಸೂಕ್ಷ್ಮವಾಗಿ ಹೇಳಲಾರದು. ನಾವು ಎಳೆಯುವ ಗೆರೆ ಎಲ್ಲಿದೆ? ಗರ್ಭಿಣಿಯರಲ್ಲದ ಹೆಣ್ಣುಮಕ್ಕಳಿಗೆ 12, ಗರ್ಭಿಣಿಯರಿಗೆ ಸಾಮಾನ್ಯವಾಗಿ 11, ಗಂಡಸರಿಗೆ 13. ಶಿಬಿರಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಬಹಳ ಜನ ಇರುವುದೇ 10ರಿಂದ 13ರ ನಡುವೆ, ಅಂದರೆ ಗೆರೆಯ ಆಚೀಚೆ. ಕಾರ್ಡು ಎಲ್ಲಿ ತಡವರಿಸುತ್ತದೋ ಅಲ್ಲಿಯೇ ನಮ್ಮ ಜನ ನಿಂತಿದ್ದಾರೆ. ನಮ್ಮ ಹುಡುಗಿಯ 10.3 ಅನ್ನು ಒಬ್ಬರು 10 ಎಂದು ಓದಬಹುದು, ಪಕ್ಕದವರು 12 ಎಂದು ಓದಬಹುದು, ಇಬ್ಬರೂ ಪ್ರಾಮಾಣಿಕರೇ. ಆ ತಾಯಿಯ ಕೈಯ ಚೀಟಿಯಲ್ಲಿ 12 ಬಂದದ್ದು ಹಾಗೆ.

ಆದರೆ 5 ಅಥವಾ 6 ಗ್ರಾಂ ಇರುವ ಹೆಂಗಸಿನ ಹನಿ ಕಾಗದದ ಮೇಲೆ ಬಿದ್ದಾಗ ಯಾರೂ ಅದನ್ನು 12 ಎನ್ನುವುದಿಲ್ಲ. ಆ ಪೇಲವ ಬಣ್ಣ ಯಾರ ಕಣ್ಣಿಗೂ ಹೊಡೆಯುತ್ತದೆ. ಕಾರ್ಡಿನ ನಿಜವಾದ ಕೆಲಸ ಅದು. ಇವತ್ತೇ ಆಸ್ಪತ್ರೆಗೆ ಹೋಗಬೇಕಾದವರನ್ನು ಸಾಲಿನಿಂದ ಹೊರಗೆ ಕರೆಯುವುದು. ಅದೇ ಕಾರಣಕ್ಕೆ ರಕ್ತದಾನ ಶಿಬಿರದಲ್ಲಿ ಇದನ್ನು ನೆಚ್ಚಿಕೊಳ್ಳಬಾರದು. ಅಲ್ಲಿನ ಗೆರೆ 12.5. ಕಾರ್ಡಿನಲ್ಲಿ 12 ಇದೆ, 14 ಇದೆ, 12.5 ಇಲ್ಲ.

ಈಗ ದಾನಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ಶಿಬಿರದ ವರದಿಗಳಲ್ಲಿ ಹೀಗೊಂದು ಸಾಲು ಸಾಮಾನ್ಯ: ಕಡಿಮೆ ಇದ್ದವರಿಗೆ ಕಬ್ಬಿಣದ ಮಾತ್ರೆ ಕೊಟ್ಟೆವು, ಮೂರು ತಿಂಗಳ ನಂತರ ಸರಾಸರಿ ಹಿಮೋಗ್ಲೋಬಿನ್ 10ರಿಂದ 12ಕ್ಕೆ ಏರಿತು. ಕೇಳಲು ಸಂತೋಷ. ಆದರೆ ಒಂದು ಲೆಕ್ಕ ಮಾಡಿ ನೋಡೋಣ. ಇದು ಕಲ್ಪಿಸಿಕೊಂಡ ಲೆಕ್ಕ, ಯಾವ ಶಿಬಿರದ್ದೂ ಅಲ್ಲ.

ನೂರು ಹುಡುಗಿಯರಿದ್ದಾರೆ, ಎಲ್ಲರ ನಿಜವಾದ ಹಿಮೋಗ್ಲೋಬಿನ್ ಸರಿಯಾಗಿ 12 ಎಂದುಕೊಳ್ಳಿ. ಕಾರ್ಡು ನೂರರಲ್ಲಿ 60 ಜನರನ್ನು 12 ಎಂದೇ ಓದುತ್ತದೆ, 20 ಜನರನ್ನು ಒಂದು ಛಾಯೆ ಕೆಳಗೆ 10 ಎಂದು, 20 ಜನರನ್ನು ಒಂದು ಛಾಯೆ ಮೇಲೆ 14 ಎಂದು ಓದುತ್ತದೆ ಎಂದುಕೊಳ್ಳಿ. ನಾವು ಏನು ಮಾಡುತ್ತೇವೆ? 10 ಬಂದ 20 ಜನರನ್ನು ಆರಿಸಿ ಮಾತ್ರೆ ಕೊಡುತ್ತೇವೆ. ಅವರಲ್ಲಿ ಒಬ್ಬಳೂ ಮಾತ್ರೆ ನುಂಗಲಿಲ್ಲ, ಎಲ್ಲವೂ ಡಬ್ಬಿಯಲ್ಲೇ ಉಳಿದವು ಎಂದೂ ಇಟ್ಟುಕೊಳ್ಳಿ. ಮೂರು ತಿಂಗಳ ನಂತರ ಅದೇ 20 ಜನರನ್ನು ಅದೇ ಕಾರ್ಡಿನಲ್ಲಿ ನೋಡುತ್ತೇವೆ. ಅವರ ನಿಜವಾದ ಅಂಕಿ ಈಗಲೂ 12. ಕಾರ್ಡು ಅದೇ ರೀತಿ ತಪ್ಪಿದರೆ 12 ಜನ 12 ಬರುತ್ತಾರೆ, 4 ಜನ 10, 4 ಜನ 14. ಸರಾಸರಿ 12. ವರದಿಯಲ್ಲಿ "10ರಿಂದ 12ಕ್ಕೆ ಏರಿಕೆ". ಯಾರ ಮೈಯಲ್ಲೂ ಒಂದು ಹನಿ ರಕ್ತ ಹೆಚ್ಚಾಗಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕಡಿಮೆ ಬಂದವರನ್ನು ಮಾತ್ರ ಆರಿಸಿ ಮತ್ತೆ ಅಳೆದರೆ, ಮೊದಲ ಸಲ ತಪ್ಪಿ ಕಡಿಮೆ ಬಂದವರು ಎರಡನೇ ಸಲ ತಮ್ಮ ನಿಜವಾದ ಜಾಗಕ್ಕೆ ಮರಳುತ್ತಾರೆ, ಅದು ಏರಿಕೆಯಂತೆ ಕಾಣುತ್ತದೆ. ಅಳತೆ ಒರಟಾದಷ್ಟೂ ಈ ಸುಳ್ಳು ಏರಿಕೆ ದೊಡ್ಡದು. ಲ್ಯಾಬಿನ ವಿಧಾನದಲ್ಲೂ ಸ್ವಲ್ಪ ಇರುತ್ತದೆ, ಆದರೆ ಸ್ವಲ್ಪವೇ. ಮಾತ್ರೆ ಕೆಲಸ ಮಾಡಿತೇ ಎಂದು ದಾನಿಗಳು ತಿಳಿಯಬೇಕಾದರೆ ಎರಡೂ ಸಲ ನರದ ರಕ್ತ, ಎರಡೂ ಸಲ ಅದೇ ಲ್ಯಾಬ್ ವಿಧಾನ ಬೇಕು. ಕಾರ್ಡಿನ ಅಂಕಿಯಿಂದ ಸರಾಸರಿ ತೆಗೆಯುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಸಲ ಕಾರ್ಡು, ಎರಡನೇ ಸಲ ಲ್ಯಾಬ್ ಮಾಡಿ ಎರಡನ್ನೂ ಹೋಲಿಸುವುದಂತೂ ಇನ್ನೂ ಕೆಟ್ಟದು.

ಹಾಗಾದರೆ ನಮ್ಮ ಟ್ರಸ್ಟು ಏನು ಮಾಡಬಹುದು? ನಮ್ಮದು ಲ್ಯಾಬೇ ಇಲ್ಲದ ಕಾಡಿನ ಊರಲ್ಲ. ಶಿಬಿರಕ್ಕೆ ಒಬ್ಬ ತಂತ್ರಜ್ಞ ಬಂದು ಎರಡು ಮಿಲಿಲೀಟರ್ ರಕ್ತ ಇಡಿಟಿಎ ಟ್ಯೂಬಿನಲ್ಲಿ ತೆಗೆದು, ಹೆಸರು ಅಂಟಿಸಿ, ಸಂಜೆಯೊಳಗೆ ಲ್ಯಾಬಿಗೆ ಮುಟ್ಟಿಸಿದರೆ ಅದೇ ದಿನ ಅಂಕಿ ಸಿಗುತ್ತದೆ. ಎಲ್ಲರಿಗೂ ಅದನ್ನು ಮಾಡಲು ಹಣ ಸಾಲದಿದ್ದರೆ ಕಾರ್ಡನ್ನು ಬಾಗಿಲಲ್ಲಿ ಇಡಿ. 8 ಅಥವಾ ಅದಕ್ಕಿಂತ ಕಡಿಮೆ ಕಂಡವರನ್ನು ಅಲ್ಲಿಂದಲೇ ವೈದ್ಯರ ಬಳಿಗೆ ಕಳಿಸಿ. 10 ಮತ್ತು 12 ಕಂಡವರ ರಕ್ತ ಲ್ಯಾಬಿಗೆ ಹೋಗಲಿ. 12 ಬಂದವರನ್ನು ಮನೆಗೆ ಕಳಿಸಿಬಿಟ್ಟರೆ ನಮ್ಮ ಹುಡುಗಿಯಂಥವರು ಕೈತಪ್ಪಿ ಹೋಗುತ್ತಾರೆ.

ಶಿಬಿರಕ್ಕೆ ಮುಂಚೆ ಕಾರ್ಡು ಓದುವ ಸ್ವಯಂಸೇವಕರನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಲ್ಯಾಬಿನಲ್ಲಿ ಅಳೆದು ಗೊತ್ತಿರುವ ನಾಲ್ಕೈದು ರಕ್ತದ ಟ್ಯೂಬುಗಳನ್ನು ಅಂಕಿ ಮುಚ್ಚಿ ಅವರ ಮುಂದಿಡಿ. ಪ್ರತಿಯೊಂದನ್ನೂ ಎರಡು ಸಲ, ಕ್ರಮ ಬದಲಿಸಿ ಓದಿಸಿ. ಒಂದೇ ಟ್ಯೂಬನ್ನು ಒಮ್ಮೆ 8, ಒಮ್ಮೆ 12 ಎನ್ನುವವರು ಹೆಸರು ಬರೆಯುವ ಮೇಜಿಗೆ ಹೋಗಲಿ. ಅದರಲ್ಲಿ ಅವಮಾನವೇನೂ ಇಲ್ಲ, ಕೆಂಪಿನ ಛಾಯೆಗಳನ್ನು ಬೇರ್ಪಡಿಸುವ ಕಣ್ಣು ಎಲ್ಲರಿಗೂ ಒಂದೇ ರೀತಿ ಇರುವುದಿಲ್ಲ. ಶಿಬಿರದ ದಿನವೂ ಪ್ರತಿ ಹತ್ತನೆಯವರ ರಕ್ತವನ್ನು ಎರಡೂ ರೀತಿಯಲ್ಲಿ ನೋಡಿ, ಕಾರ್ಡಿನ ಅಂಕಿಯನ್ನು ಲ್ಯಾಬಿನವರಿಗೆ ಹೇಳದೆ ಇಟ್ಟು, ಸಂಜೆ ಜೊತೆಗಿಟ್ಟು ನೋಡಿ. ಕಾರ್ಡು ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಬೆಳಕನ್ನೋ ಕಾರ್ಡನ್ನೋ ಅನುಮಾನಿಸಬೇಕು. ಎರಡೂ ದಿಕ್ಕಿಗೆ ಚದುರಿದ್ದರೆ ಹನಿಯನ್ನು, ಓದುವವರನ್ನು ನೋಡಬೇಕು.

ಡಿಜಿಟಲ್ ಹಿಮೋಗ್ಲೋಬಿನ್ ಯಂತ್ರ ಕೊಂಡರೆ ಹೇಗೆ ಎಂದು ಖಜಾಂಚಿಯವರು ಮೊದಲೇ ಕೇಳಿದ್ದಾರೆ. ಕಾರ್ಡಿಗಿಂತ ಖಂಡಿತ ಉತ್ತಮ. ಆದರೆ ಯಂತ್ರದ ಬೆಲೆಗಿಂತ ಪ್ರತಿ ಪರೀಕ್ಷೆಗೂ ಬೇಕಾಗುವ ಕ್ಯುವೆಟ್ ಅಥವಾ ಸ್ಟ್ರಿಪ್ಪಿನ ಬೆಲೆಯನ್ನು ಕೇಳಿ ತೀರ್ಮಾನಿಸಿ. ಬೆರಳು ಹಿಂಡಿದರೆ ಆ ಯಂತ್ರವೂ ಕಡಿಮೆಯನ್ನೇ ತೋರಿಸುತ್ತದೆ.

ಕೊನೆಗೆ ತಂದೆ ತಾಯಂದಿರಿಗೆ. ನಿಮ್ಮ ಮಗಳ ಚೀಟಿಯಲ್ಲಿ ಅಂಕಿಯ ಪಕ್ಕದಲ್ಲಿ "ಕಾರ್ಡ್" ಎಂದೋ "ಲ್ಯಾಬ್" ಎಂದೋ ಬರೆಸಿಕೊಳ್ಳಿ. ಕಾರ್ಡಿನಲ್ಲಿ 10 ಬಂದರೆ ಗಾಬರಿ ಬೇಡ, ಲ್ಯಾಬಿನಲ್ಲಿ ಒಮ್ಮೆ ಮಾಡಿಸಿ. ಕಾರ್ಡಿನಲ್ಲಿ 12 ಬಂದಿದ್ದರೂ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದರೆ, ತಿಂಗಳ ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ, ಆಗಲೂ ಲ್ಯಾಬಿನಲ್ಲಿ ಮಾಡಿಸಿ. ಲ್ಯಾಬಿನ ಅಂಕಿಯೂ ಎಷ್ಟು ಕಡಿಮೆ ಎಂದು ಹೇಳುತ್ತದೆಯೇ ಹೊರತು ಯಾಕೆ ಕಡಿಮೆ ಎಂದು ಹೇಳುವುದಿಲ್ಲ. ಕಬ್ಬಿಣದ ಕೊರತೆ ಇರಬಹುದು, ಬಿ12 ಕೊರತೆ ಇರಬಹುದು, ಹುಟ್ಟಿನಿಂದ ಬಂದ ಥಲಸ್ಸೀಮಿಯಾ ಮೈನರ್ ಇರಬಹುದು. ಥಲಸ್ಸೀಮಿಯಾ ಮೈನರ್ ಇದ್ದು ಕಬ್ಬಿಣದ ಕೊರತೆ ಇಲ್ಲದಿದ್ದರೆ ಎಷ್ಟು ಕಬ್ಬಿಣದ ಮಾತ್ರೆ ಕೊಟ್ಟರೂ ಅಂಕಿ ಏರುವುದಿಲ್ಲ. ಸರಿಯಾಗಿ ಮಾತ್ರೆ ನುಂಗಿದ ಮೇಲೂ ಲ್ಯಾಬಿನ ಅಂಕಿ ಅಲ್ಲೇ ನಿಂತಿದ್ದರೆ ವೈದ್ಯರಿಗೆ ಹಾಗೆಂದು ಹೇಳಿ, ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.

ಇವತ್ತು ಹೊರಗಿನ ಕೋಣೆಯಲ್ಲಿ ಎರಡು ಮೇಜು ಹಾಕಿದ್ದೇವೆ. ಒಂದರಲ್ಲಿ ಕಾರ್ಡು ಇದೆ, ಇನ್ನೊಂದರಲ್ಲಿ ಕಲರಿಮೀಟರ್ ಇದೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಬಿಡುವಿದ್ದವರು ಬಂದು ತಮ್ಮ ರಕ್ತವನ್ನು ಎರಡೂ ಕಡೆ ನೋಡಿಸಿಕೊಳ್ಳಬಹುದು. ಕಾರ್ಡಿನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದೇನೆ.